ತೀರ್ಪಿನಲ್ಲಿ ಯಾವ ಮಾತು ಯಾರದು: ಸಾಮಾನ್ಯ ಓದುಗರಿಗಾಗಿ ಸಾರಾಂಶ ಬರೆಯುವ ಕ್ರಮ

ನ್ಯಾಯಾಲಯದ ತೀರ್ಪನ್ನು ಮೊದಲ ಬಾರಿ ಓದುವವರಿಗೆ ಅದು ಆದಿಯಿಂದ ಅಂತ್ಯದವರೆಗೂ ನ್ಯಾಯಾಲಯವೇ ಆಡಿದ ಮಾತಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದರೊಳಗೆ ಹಲವರ ದನಿಗಳು ಬೆರೆತಿರುತ್ತವೆ. ದಾವೆ ಹೂಡಿದವರ ಆರೋಪ, ಎದುರು ಪಕ್ಷದ ಉತ್ತರ, ಎರಡೂ ಕಡೆಯ ವಕೀಲರ ವಾದ, ಕೆಳ ನ್ಯಾಯಾಲಯ ಕೊಟ್ಟ ಕಾರಣ, ಹಳೆಯ ತೀರ್ಪುಗಳಿಂದ ಎತ್ತಿಕೊಂಡ ಸಾಲುಗಳು, ಇವೆಲ್ಲವುಗಳ ನಡುವೆ ಈ ನ್ಯಾಯಾಧೀಶರ ಸ್ವಂತ ತರ್ಕ, ಎಲ್ಲವೂ ಒಂದೇ ಗಾಂಭೀರ್ಯದ ಭಾಷೆಯಲ್ಲಿ ಒಂದರ ಹಿಂದೊಂದು ಬರುತ್ತವೆ. ಕಾನೂನು ಓದದವರಿಗಾಗಿ ಬರೆದ ಸಾರಾಂಶಗಳು ದಾರಿ ತಪ್ಪುವುದು ಬಹುಮಟ್ಟಿಗೆ ಕಾನೂನು ಅರ್ಥವಾಗದೆ ಅಲ್ಲ, ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುವುದರಿಂದ.

ಇದನ್ನು ತಪ್ಪಿಸುವ ಕ್ರಮವನ್ನು ಒಂದೇ ಪ್ರಕರಣದ ಮೂಲಕ ನೋಡುವುದು ಒಳ್ಳೆಯದು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1932ರ ಮೇ 26ರಂದು ನೀಡಿದ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ತೀರ್ಪನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೌಸ್ ಆಫ್ ಲಾರ್ಡ್ಸ್ ಆಗ ಆ ದೇಶದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವೂ ಆಗಿತ್ತು. ಈ ಪ್ರಕರಣವನ್ನು ಜನ ಹೇಳಿಕೊಂಡು ಬಂದಿರುವ ರೀತಿ ಹೆಚ್ಚುಕಡಿಮೆ ಹೀಗಿದೆ: “ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕಿತು, ಅದನ್ನು ಕುಡಿದ ಮಹಿಳೆ ಕಾಯಿಲೆ ಬಿದ್ದರು, ತಯಾರಕನದೇ ತಪ್ಪು ಎಂದು ಕೋರ್ಟು ಹೇಳಿತು, ಆಕೆಗೆ ಪರಿಹಾರ ಕೊಡಿಸಿತು.” ಈ ಸಾರಾಂಶದಲ್ಲಿ ನಾಲ್ಕು ಸಂಗತಿಗಳಿವೆ. ನಾಲ್ಕರಲ್ಲಿ ಒಂದನ್ನೂ ಆ ನ್ಯಾಯಾಲಯ ತೀರ್ಮಾನಿಸಿರಲಿಲ್ಲ.

ಮೊದಲು ಕೊನೆಯ ಪುಟ

ಸಾರಾಂಶ ಬರೆಯುವವರು ತೀರ್ಪನ್ನು ಹಿಂದಿನಿಂದ ಓದಲು ಶುರು ಮಾಡಬೇಕು. ಕೊನೆಯಲ್ಲಿರುವ ಆದೇಶದ ಭಾಗವು ನ್ಯಾಯಾಲಯ ನಿಜಕ್ಕೂ ಏನು ಮಾಡಿತು ಎಂಬುದನ್ನು ಹೇಳುತ್ತದೆ. ಉಳಿದ ಪುಟಗಳು ಏಕೆ ಮಾಡಿತು ಎಂಬುದನ್ನು ಹೇಳುತ್ತವೆ. ಆದೇಶವನ್ನು ಓದಿದ ಕೂಡಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ಆದೇಶಕ್ಕೆ ಮುಂಚೆ ಯಾವ ಆದೇಶ ಜಾರಿಯಲ್ಲಿತ್ತು, ಇದರ ನಂತರ ಏನು ಬದಲಾಯಿತು?

ನಮ್ಮ ಪ್ರಕರಣ ಮೂರು ಹಂತಗಳನ್ನು ದಾಟಿ ಬಂದಿತ್ತು. ದಾವೆಯನ್ನು ಮೊದಲು ಆಲಿಸಿದವರು ಸ್ಕಾಟ್ಲೆಂಡಿನ ಕೋರ್ಟ್ ಆಫ್ ಸೆಷನ್‌ನ ನ್ಯಾಯಾಧೀಶರಾದ ಲಾರ್ಡ್ ಮಾಂಕ್ರೀಫ್. ಈ ದಾವೆಗೆ ಕಾನೂನಿನ ನೆಲೆಯೇ ಇಲ್ಲ ಎಂಬ ತಯಾರಕನ ಆಕ್ಷೇಪವನ್ನು ಅವರು ಒಪ್ಪದೆ, ಸಾಕ್ಷ್ಯ ವಿಚಾರಣೆ ನಡೆಯಲಿ ಎಂದು 1930ರ ಜೂನ್‌ನಲ್ಲಿ ಆದೇಶಿಸಿದರು. ಅದೇ ನ್ಯಾಯಾಲಯದ ಮೇಲ್ಮನವಿ ಪೀಠವಾದ ಎರಡನೇ ವಿಭಾಗವು ಆ ವರ್ಷದ ನವೆಂಬರ್‌ನಲ್ಲಿ ಬಹುಮತದಿಂದ ಆ ಆದೇಶವನ್ನು ತೆಗೆದುಹಾಕಿ ದಾವೆಯನ್ನು ವಜಾ ಮಾಡಿತು. ಹೌಸ್ ಆಫ್ ಲಾರ್ಡ್ಸ್ ಎರಡನೇ ವಿಭಾಗದ ಆದೇಶವನ್ನು ರದ್ದುಪಡಿಸಿ, ಮೊದಲ ನ್ಯಾಯಾಧೀಶರ ಆದೇಶವನ್ನು ಮತ್ತೆ ಜಾರಿಗೆ ತಂದು, ಪ್ರಕರಣವನ್ನು ಸ್ಕಾಟ್ಲೆಂಡಿಗೆ ಹಿಂದಕ್ಕೆ ಕಳಿಸಿತು. ಆದೇಶದಲ್ಲಿ ಪರಿಹಾರದ ಹಣದ ಮಾತಿಲ್ಲ. “ದಾವೆ ಮುಂದುವರಿಯಬಹುದು” ಎಂಬುದಷ್ಟೇ ಅದರ ಫಲ.

ಈ ಒಂದು ವಾಕ್ಯವನ್ನು ಸಾರಾಂಶದ ಮೊದಲ ಸಾಲಾಗಿ ಇಟ್ಟುಕೊಂಡರೆ ಮುಂದಿನ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. “ಮೇಲ್ಮನವಿಯನ್ನು ಅಂಗೀಕರಿಸಲಾಯಿತು” ಎಂದು ಬರೆಯುವ ಅಭ್ಯಾಸ ಮಾತ್ರ ಬೇಡ. ವಿಚಾರಣೆಗೆ ತೆಗೆದುಕೊಂಡರು ಎಂದು ಕೆಲವರು ಓದುತ್ತಾರೆ, ಗೆಲ್ಲಿಸಿದರು ಎಂದು ಕೆಲವರು ಓದುತ್ತಾರೆ. ಯಾರ ಯಾವ ಆದೇಶ ಉಳಿಯಿತು, ಯಾವುದು ಬಿತ್ತು ಎಂದು ಬಿಡಿಸಿ ಬರೆಯುವುದೇ ಲೇಸು.

ಸಂಗತಿಗಳು ಸಾಬೀತಾದವೇ, ಒಪ್ಪಿತವೇ, ಕೇವಲ ಭಾವಿಸಿಕೊಂಡವೇ

ಸಾರಾಂಶದಲ್ಲಿ ಅತಿ ಹೆಚ್ಚು ಹಾನಿಯಾಗುವುದು ಇಲ್ಲಿ. ತೀರ್ಪಿನ ಆರಂಭದಲ್ಲಿ ಬರುವ “ಪ್ರಕರಣದ ಸಂಗತಿಗಳು” ಎಂಬ ಭಾಗವನ್ನು ಕತೆಯಂತೆ ಓದಿ, ಕತೆಯಂತೆಯೇ ಮರಳಿ ಹೇಳಿಬಿಡುತ್ತೇವೆ. ಆದರೆ ಅಲ್ಲಿರುವ ಸಂಗತಿಗಳ ಸ್ಥಾನಮಾನ ಒಂದೇ ಅಲ್ಲ. ಕೆಲವು ಸಾಕ್ಷ್ಯ ನೋಡಿ ನ್ಯಾಯಾಲಯ ನಿಜವೆಂದು ಕಂಡುಕೊಂಡವು. ಕೆಲವನ್ನು ಎರಡೂ ಪಕ್ಷಗಳು ಒಪ್ಪಿರುತ್ತವೆ. ಇನ್ನು ಕೆಲವು ಇನ್ನೂ ಯಾರೂ ಪರೀಕ್ಷಿಸದ ಆರೋಪಗಳು. ಕಾನೂನಿನ ಪ್ರಶ್ನೆಯೊಂದನ್ನು ಬಿಡಿಸುವ ಸಲುವಾಗಿ ನ್ಯಾಯಾಲಯ ಅವನ್ನು ಸದ್ಯಕ್ಕೆ ನಿಜವೆಂದು ಭಾವಿಸಿಕೊಂಡಿರುತ್ತದೆ.

ಡಾನಹ್ಯೂ ಪ್ರಕರಣದ ಸಂಗತಿಗಳೆಲ್ಲ ಈ ಮೂರನೆಯ ಬಗೆಯವು. ದಾವಾಪತ್ರದಲ್ಲಿ ದಾವೆ ಹೂಡಿದ ಶ್ರೀಮತಿ ಡಾನಹ್ಯೂ ಹೇಳಿದ್ದು ಇಷ್ಟು: 1928ರ ಆಗಸ್ಟ್ 26ರಂದು ಪೇಸ್ಲಿ ಪಟ್ಟಣದ ಒಂದು ಕೆಫೆಯಲ್ಲಿ ಸ್ನೇಹಿತರೊಬ್ಬರು ಆಕೆಗಾಗಿ ಒಂದು ಬಾಟಲಿ ಜಿಂಜರ್ ಬಿಯರ್ ಕೊಂಡರು. ಬಾಟಲಿಯ ಗಾಜು ಗಾಢಬಣ್ಣದ್ದಾಗಿದ್ದರಿಂದ ಒಳಗಿರುವುದು ಕಾಣುತ್ತಿರಲಿಲ್ಲ. ಅಂಗಡಿಯವರು ಸುರಿದುಕೊಟ್ಟದ್ದರಲ್ಲಿ ಸ್ವಲ್ಪವನ್ನು ಆಕೆ ಕುಡಿದರು. ಉಳಿದದ್ದನ್ನು ಸ್ನೇಹಿತರು ಸುರಿದಾಗ ಕೊಳೆತ ಬಸವನಹುಳು ಹೊರಬಂತು. ಆ ಆಘಾತದಿಂದಲೂ ಆಗಲೇ ಕುಡಿದಿದ್ದ ಪಾನೀಯದಿಂದಲೂ ಆಕೆಗೆ ಜಠರ ಮತ್ತು ಕರುಳಿನ ಉರಿಯೂತ ಉಂಟಾಯಿತು. ಹುಳುಗಳು ಬಾಟಲಿಯೊಳಗೆ ಸೇರದಂತಹ ವ್ಯವಸ್ಥೆಯನ್ನೂ ಬಾಟಲಿಗಳ ತಪಾಸಣೆಯನ್ನೂ ತಯಾರಕ ಇಟ್ಟುಕೊಂಡಿರಬೇಕಿತ್ತು ಎಂಬುದು ಆಕೆಯ ವಾದ; ಕೇಳಿದ ಪರಿಹಾರ 500 ಪೌಂಡ್.

ತಯಾರಕ ಇದಕ್ಕೆ ಕೊಟ್ಟ ಉತ್ತರದಲ್ಲಿ, ಇದೆಲ್ಲ ನಿಜವೆಂದೇ ಇಟ್ಟುಕೊಂಡರೂ ಕಾನೂನಿನ ಪ್ರಕಾರ ದಾವೆ ನಿಲ್ಲುವುದಿಲ್ಲ ಎಂಬ ಆಕ್ಷೇಪವಿತ್ತು. ಮೂರೂ ಹಂತದಲ್ಲಿ ಚರ್ಚೆಯಾದದ್ದು ಆ ಆಕ್ಷೇಪ ಮಾತ್ರ. ಆದ್ದರಿಂದ “ಬಾಟಲಿಯಲ್ಲಿ ಹುಳು ಇತ್ತು” ಎಂದು ಬರೆಯುವುದು ತಪ್ಪು. “ಹುಳು ಇರಲಿಲ್ಲ” ಎಂಬ ಧ್ವನಿ ಬರುವಂತೆ ಬರೆಯುವುದೂ ಅಷ್ಟೇ ತಪ್ಪು. ಬರೆಯಬೇಕಾದದ್ದು ಹೀಗೆ: “ಬಾಟಲಿಯಲ್ಲಿ ಹುಳು ಇತ್ತು ಎಂದು ಆಕೆ ದಾವಾಪತ್ರದಲ್ಲಿ ಹೇಳಿದ್ದರು. ಅದು ನಿಜವೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸಲಿಲ್ಲ. ನಿಜವಾಗಿದ್ದರೆ ತಯಾರಕನ ಮೇಲೆ ಹೊಣೆ ಬರುತ್ತದೆಯೇ ಎಂಬುದನ್ನು ಮಾತ್ರ ನೋಡಿತು.” ಎರಡನೆಯ ವಾಕ್ಯ ಇಲ್ಲದಿದ್ದರೆ ಮೊದಲನೆಯದು ಅರ್ಧ ಸತ್ಯ. ಆರೋಪವೆಂದು ಓದಿದ ಕೂಡಲೇ “ಹಾಗಾದರೆ ಕೋರ್ಟು ಏನಂತು?” ಎಂಬ ಪ್ರಶ್ನೆ ಓದುಗರಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಸಿಗದಿದ್ದರೆ ಕೋರ್ಟು ಒಪ್ಪಿರಬೇಕು ಎಂದು ಅವರೇ ಊಹಿಸಿಕೊಳ್ಳುತ್ತಾರೆ.

ತೀರ್ಪು ಯಾವ ಹಂತದ್ದು ಎಂದು ತಿಳಿಯಲು ಕೆಲವು ಗುರುತುಗಳಿವೆ. ಸಾಕ್ಷಿಗಳ ಹೆಸರು, ಪಾಟೀಸವಾಲು, ದಾಖಲೆಗಳ ಗುರುತು ಸಂಖ್ಯೆ ಇವೆಲ್ಲ ಕಾಣಿಸಿಕೊಂಡರೆ ಸಾಕ್ಷ್ಯ ವಿಚಾರಣೆ ನಡೆದಿದೆ ಎಂದರ್ಥ. “ದಾವಾಪತ್ರದಲ್ಲಿ ಹೇಳಿರುವಂತೆ”, “ಆರೋಪಗಳನ್ನು ನಿಜವೆಂದು ಭಾವಿಸಿದರೆ”, “ಈ ಹಂತದಲ್ಲಿ” ಎಂಬಂತಹ ಮಾತುಗಳು ಪದೇಪದೇ ಬಂದರೆ ಸಂಗತಿಗಳು ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ. ಜಾಮೀನು ಆದೇಶಗಳು ಮತ್ತು ಮಧ್ಯಂತರ ತಡೆಯಾಜ್ಞೆಗಳ ಸಾರಾಂಶಗಳಲ್ಲಿ ಈ ಒಂದು ಗುರುತನ್ನು ಗಮನಿಸದೆ ಹೋದರೆ ಇಡೀ ಬರಹವೇ ಬುಡಮೇಲಾಗುತ್ತದೆ.

ಅಂಚಿನಲ್ಲಿ ದನಿಯ ಗುರುತು

ಈಗ ತೀರ್ಪನ್ನು ಆರಂಭದಿಂದ ಓದುತ್ತ ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಯಾರ ಮಾತು ಎಂದು ಒಂದೊಂದು ಅಕ್ಷರದಲ್ಲಿ ಗುರುತು ಹಾಕಬೇಕು. ವಾದಿಗೆ “ವಾ”, ಪ್ರತಿವಾದಿಗೆ “ಪ್ರ”, ಕೆಳ ನ್ಯಾಯಾಲಯಕ್ಕೆ “ಕೆ”, ಹಳೆಯ ತೀರ್ಪಿಗೆ “ಹ”, ಬರೆಯುತ್ತಿರುವ ನ್ಯಾಯಾಧೀಶರಿಗೆ “ನ್ಯಾ”, ಹೀಗೆ ಯಾವ ಗುರುತಾದರೂ ಸರಿ. ಜೊತೆಗೆ ಪ್ಯಾರಾ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಹಳೆಯ ತೀರ್ಪುಗಳಲ್ಲಿ ಪ್ಯಾರಾ ಸಂಖ್ಯೆ ಇರುವುದಿಲ್ಲ. ಆಗ ವರದಿಯ ಪುಟಸಂಖ್ಯೆಯೇ ಗತಿ.

ಈ ಕೆಲಸ ಯಾಂತ್ರಿಕವೆನಿಸಿದರೂ ಮಾಡಿ ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ, ಏಕೆಂದರೆ ಒಳ್ಳೆಯ ನ್ಯಾಯಾಧೀಶರು ತಾವು ತಳ್ಳಿಹಾಕಲಿರುವ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುತ್ತಾರೆ. “ಮೇಲ್ಮನವಿದಾರರ ವಕೀಲರು ವಾದಿಸುವುದೇನೆಂದರೆ” ಎಂದು ಒಂದು ಪ್ಯಾರಾ ಶುರುವಾಗುತ್ತದೆ. ಮುಂದಿನ ಮೂರು ಪ್ಯಾರಾಗಳಲ್ಲಿ ಆ ಮಾತು ಮರುಕಳಿಸುವುದೇ ಇಲ್ಲ, ಆದರೂ ನಡೆಯುತ್ತಿರುವುದು ವಕೀಲರ ವಾದವೇ. ನಾಲ್ಕನೆಯ ಪ್ಯಾರಾದಲ್ಲಿ “ಇದನ್ನು ಒಪ್ಪಲು ಸಾಧ್ಯವಿಲ್ಲ” ಎಂದು ಬಂದಾಗ ಮಾತ್ರ ದನಿ ಬದಲಾಗುತ್ತದೆ. ನಡುವಿನ ಪ್ಯಾರಾದಿಂದ ಒಂದು ಚೆಂದದ ಸಾಲನ್ನು ಎತ್ತಿಕೊಂಡು “ನ್ಯಾಯಾಲಯ ಹೇಳಿತು” ಎಂದು ಬರೆದವರು ನ್ಯಾಯಾಲಯ ತಿರಸ್ಕರಿಸಿದ ಮಾತನ್ನೇ ನ್ಯಾಯಾಲಯಕ್ಕೆ ಹೊರಿಸಿದಂತಾಯಿತು.

ಡಾನಹ್ಯೂ ತೀರ್ಪಿನಲ್ಲಿ ಇದಕ್ಕಿಂತ ದೊಡ್ಡ ಬಲೆಯೊಂದಿದೆ. ಐವರು ನ್ಯಾಯಾಧೀಶರೂ ಪ್ರತ್ಯೇಕವಾಗಿ ಅಭಿಪ್ರಾಯ ಬರೆದಿದ್ದಾರೆ. ವರದಿಯಲ್ಲಿ ಮೊದಲು ಬರುವುದು ಲಾರ್ಡ್ ಬಕ್‌ಮಾಸ್ಟರ್ ಅವರ ಅಭಿಪ್ರಾಯ, ಮತ್ತು ಅದು ಭಿನ್ನಮತ. ಮೊದಲ ಹನ್ನೆರಡು ಪುಟ ಓದಿ ಸಾರಾಂಶ ಬರೆಯುವವರು, ತಯಾರಕನಿಗೆ ಇಂತಹ ಹೊಣೆ ಇಲ್ಲವೆಂದು ನ್ಯಾಯಾಲಯ ಹೇಳಿತು ಎಂದು ಬರೆದುಬಿಡಬಹುದು. ಎರಡನೆಯದಾಗಿ ಬರುವ ಲಾರ್ಡ್ ಆಟ್ಕಿನ್ ಬಹುಮತದವರು, ಮೂರನೆಯವರಾದ ಲಾರ್ಡ್ ಟಾಮ್ಲಿನ್ ಮತ್ತೆ ಭಿನ್ನಮತದವರು, ಕೊನೆಯ ಇಬ್ಬರಾದ ಲಾರ್ಡ್ ಥ್ಯಾಂಕರ್ಟನ್ ಮತ್ತು ಲಾರ್ಡ್ ಮ್ಯಾಕ್‌ಮಿಲನ್ ಬಹುಮತದವರು. ಹಲವು ಅಭಿಪ್ರಾಯಗಳಿರುವ ಯಾವುದೇ ತೀರ್ಪಿನಲ್ಲಿ ಓದುವ ಮೊದಲೇ ಪ್ರತಿಯೊಬ್ಬರ ಕೊನೆಯ ಸಾಲನ್ನು ನೋಡಿ, ಯಾರು ಯಾವ ಕಡೆ ಎಂದು ಪಟ್ಟಿ ಮಾಡಿಕೊಳ್ಳಬೇಕು.

ಉಲ್ಲೇಖದೊಳಗಿನ ಉಲ್ಲೇಖಗಳನ್ನೂ ಹೀಗೆಯೇ ಬಿಡಿಸಬೇಕು. ಒಪ್ಪಂದ ಮಾಡಿಕೊಂಡವರಿಗೆ ಮಾತ್ರ ದಾವೆಯ ಹಕ್ಕು ಕೊಡುವುದೇ ಸುರಕ್ಷಿತ, ಅದನ್ನು ಒಂದು ಹೆಜ್ಜೆ ದಾಟಿದರೆ ಐವತ್ತು ಹೆಜ್ಜೆ ದಾಟದಿರಲು ಕಾರಣವಿಲ್ಲ ಎಂಬ ಅರ್ಥದ ಮಾತು ಲಾರ್ಡ್ ಬಕ್‌ಮಾಸ್ಟರ್ ಅವರ ಅಭಿಪ್ರಾಯದಲ್ಲಿ ಬರುತ್ತದೆ. ಆದರೆ ಅದು ಅವರ ಸ್ವಂತ ಮಾತಲ್ಲ. 1842ರ ವಿಂಟರ್‌ಬಾಟಂ ವಿರುದ್ಧ ರೈಟ್ ಪ್ರಕರಣದಲ್ಲಿ ನ್ಯಾಯಾಧೀಶ ಆಲ್ಡರ್‌ಸನ್ ಆಡಿದ್ದು. ಹಾಗಾಗಿ ಸಾರಾಂಶದಲ್ಲಿ ಮೂರು ಸಂಗತಿಗಳು ಬರಬೇಕು: ಮೂಲದಲ್ಲಿ ಹೇಳಿದವರು ಯಾರು, ಇಲ್ಲಿ ಉಲ್ಲೇಖಿಸಿದವರು ಯಾರು, ಉಲ್ಲೇಖಿಸಿದವರು ಒಪ್ಪಿ ಉಲ್ಲೇಖಿಸಿದರೇ ಅಥವಾ ಖಂಡಿಸಲೆಂದು ತಂದರೇ. ಇದೇ 1842ರ ತೀರ್ಪನ್ನು ಲಾರ್ಡ್ ಆಟ್ಕಿನ್ ಕೂಡ ಚರ್ಚಿಸಿದ್ದಾರೆ. ಆ ದಾವೆಯಲ್ಲಿ ಒಪ್ಪಂದದ ಉಲ್ಲಂಘನೆಯ ಹೊರತಾಗಿ ಬೇರೆ ನಿರ್ಲಕ್ಷ್ಯದ ಆರೋಪವೇ ಇರಲಿಲ್ಲವೆಂದು ಹೇಳಿ, ಅದು ತಮ್ಮ ಮುಂದಿರುವ ಪ್ರಶ್ನೆಗೆ ಅಡ್ಡಿಯಲ್ಲ ಎಂದು ಅವರು ಭಾವಿಸಿದರು. “ಹಳೆಯ ತೀರ್ಪನ್ನು ನ್ಯಾಯಾಲಯ ಉಲ್ಲೇಖಿಸಿತು” ಎಂಬ ವಾಕ್ಯ ಇಬ್ಬರಿಗೂ ಅನ್ವಯಿಸುತ್ತದೆ, ಆದ್ದರಿಂದ ಓದುಗರಿಗೆ ಏನನ್ನೂ ತಿಳಿಸುವುದಿಲ್ಲ.

ಫಲಿತಾಂಶಕ್ಕೆ ಸಿಕ್ಕ ಬಹುಮತ ಪ್ರತಿ ಕಾರಣಕ್ಕೂ ಸಿಕ್ಕಿರುವುದಿಲ್ಲ

ಐವರಲ್ಲಿ ಮೂವರು ಆಕೆಯ ಪರ ತೀರ್ಮಾನಿಸಿದರು. ಮೂವರೂ ಒಂದೇ ಕಾರಣಕ್ಕೆ ತೀರ್ಮಾನಿಸಿದರೇ ಎಂಬುದು ಬೇರೆ ಪ್ರಶ್ನೆ, ಮತ್ತು ಸಾರಾಂಶ ಬರೆಯುವವರು ಹೆಚ್ಚು ಹೊತ್ತು ಕಳೆಯಬೇಕಾದ ಪ್ರಶ್ನೆ.

ಈ ತೀರ್ಪಿನ ಪ್ರಸಿದ್ಧ ಭಾಗವೆಂದರೆ “ನನ್ನ ನೆರೆಯವರು ಯಾರು” ಎಂಬ ಪ್ರಶ್ನೆ. ನಮ್ಮ ಕೃತ್ಯದಿಂದ ನೇರವಾಗಿ, ಹತ್ತಿರದಿಂದ ಬಾಧಿತರಾಗುವ ಕಾರಣ, ಆ ಕೆಲಸ ಮಾಡುವಾಗಲೇ ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಾದ ಜನರೇ ಕಾನೂನಿನ ದೃಷ್ಟಿಯಲ್ಲಿ ನೆರೆಯವರು, ಅವರಿಗೆ ಹಾನಿಯಾಗಬಹುದೆಂದು ಊಹಿಸಬಹುದಾದ ಕೃತ್ಯಗಳ ಬಗ್ಗೆ ಸಮಂಜಸವಾದ ಎಚ್ಚರ ವಹಿಸಬೇಕು ಎಂಬುದು ಅದರ ಸಾರ. ಇದು ಲಾರ್ಡ್ ಆಟ್ಕಿನ್ ಅವರ ಅಭಿಪ್ರಾಯದಲ್ಲಿರುವುದು. ಲಾರ್ಡ್ ಥ್ಯಾಂಕರ್ಟನ್ ಅವರು, ತಯಾರಕನು ತನ್ನ ಸರಕನ್ನು ನಡುವಿನವರು ಯಾರೂ ತೆರೆದು ಪರೀಕ್ಷಿಸಲಾಗದ ರೀತಿಯಲ್ಲಿ ಮಾರುಕಟ್ಟೆಗೆ ಬಿಟ್ಟದ್ದರಿಂದ ಅಂತಿಮ ಬಳಕೆದಾರರೊಂದಿಗೆ ತಾನೇ ನೇರ ಸಂಬಂಧ ಕಲ್ಪಿಸಿಕೊಂಡ ಎಂಬ ಕಿರಿದಾದ ನೆಲೆಯ ಮೇಲೆ ನಿಂತರು. ಲಾರ್ಡ್ ಮ್ಯಾಕ್‌ಮಿಲನ್, ನಿರ್ಲಕ್ಷ್ಯದ ಬಗೆಗಳ ಪಟ್ಟಿ ಎಂದಿಗೂ ಮುಚ್ಚಿದ್ದಲ್ಲ ಎಂದು ಹೇಳಿ, ಆಹಾರ ಮತ್ತು ಪಾನೀಯ ತಯಾರಿಸಿ ಸಾರ್ವಜನಿಕರಿಗಾಗಿ ಬಿಡುವವರ ಹೊಣೆಯನ್ನು ಚರ್ಚಿಸಿದರು.

ಹೀಗಿರುವಾಗ “ನೆರೆಯವರಿಗೆ ಹಾನಿ ಮಾಡಬಾರದೆಂದು ಹೌಸ್ ಆಫ್ ಲಾರ್ಡ್ಸ್ 3–2ರಿಂದ ತೀರ್ಮಾನಿಸಿತು” ಎಂದರೆ ಒಬ್ಬರ ಸೂತ್ರಕ್ಕೆ ಮೂವರ ಸಹಿ ಹಾಕಿಸಿದಂತೆ. ಮೂವರಿಗೂ ಸಾಮಾನ್ಯವಾದದ್ದನ್ನು ಹುಡುಕಬೇಕಾದರೆ ಅತ್ಯಂತ ಕಿರಿದಾದ ತೀರ್ಮಾನವನ್ನು ಹುಡುಕಬೇಕು. ನಡುವೆ ಪರೀಕ್ಷೆಗೆ ಅವಕಾಶವಿಲ್ಲದಂತೆ, ತನ್ನಿಂದ ಹೊರಟ ಸ್ಥಿತಿಯಲ್ಲಿಯೇ ಬಳಕೆದಾರರನ್ನು ತಲುಪಲಿ ಎಂದು ಸರಕನ್ನು ಕಳಿಸುವ ತಯಾರಕನಿಗೆ, ಬಳಕೆದಾರರೊಂದಿಗೆ ಒಪ್ಪಂದ ಇಲ್ಲದಿದ್ದರೂ, ಎಚ್ಚರ ವಹಿಸುವ ಹೊಣೆ ಇರುತ್ತದೆ ಎಂಬುದು ಇಲ್ಲಿ ಅಂತಹ ತೀರ್ಮಾನ. ಅದನ್ನು “ಬಹುಮತ” ಎಂದು ಬರೆಯಬಹುದು. ನೆರೆಯವರ ಸೂತ್ರವನ್ನು “ಲಾರ್ಡ್ ಆಟ್ಕಿನ್” ಎಂದೇ ಬರೆಯಬೇಕು. ಆ ಸೂತ್ರ ಮುಂದೆ ಬಹಳ ಪ್ರಭಾವ ಬೀರಿತೆಂಬುದು ನಿಜ. ಆದರೆ ಅದು ನಂತರದ ಇತಿಹಾಸ. ಈ ತೀರ್ಪಿನ ಮತಗಣನೆಯನ್ನು ಅದು ಬದಲಿಸುವುದಿಲ್ಲ.

ಒಂದು ಹೆಜ್ಜೆಗೆ ಒಂದು ವಾಕ್ಯ, ಒಂದು ವಾಕ್ಯಕ್ಕೆ ಒಬ್ಬ ಒಡೆಯ

ಇಷ್ಟಾದ ಮೇಲೆ ತರ್ಕವನ್ನು ಹೆಜ್ಜೆಗಳಾಗಿ ಒಡೆಯಬಹುದು. ಲಾರ್ಡ್ ಬಕ್‌ಮಾಸ್ಟರ್ ಅವರ ತರ್ಕವನ್ನು ಬಿಡಿಸಿದರೆ ಹೀಗೆ ಬರುತ್ತದೆ. ಲಾರ್ಡ್ ಬಕ್‌ಮಾಸ್ಟರ್ ಅವರು, ಒಪ್ಪಂದವಿಲ್ಲದ ಬಳಕೆದಾರರಿಗೆ ತಯಾರಕ ಸಾಮಾನ್ಯವಾಗಿ ಹೊಣೆಗಾರನಲ್ಲ ಎಂಬ ನಿಯಮವನ್ನು ಹಿಂದಿನ ತೀರ್ಪುಗಳಲ್ಲಿ ಕಂಡರು. ಅದಕ್ಕೆ ಎರಡು ವಿನಾಯಿತಿಗಳನ್ನು ಅವರು ಗುರುತಿಸಿದರು: ತನ್ನಿಂತಾನೇ ಅಪಾಯಕಾರಿಯಾದ ವಸ್ತು, ಮತ್ತು ದೋಷದಿಂದ ಅಪಾಯಕಾರಿಯಾಗಿದ್ದು ಆ ದೋಷ ತಯಾರಕನಿಗೆ ತಿಳಿದಿರುವ ವಸ್ತು. ಈ ಪ್ರಕರಣ ಎರಡರಲ್ಲೂ ಸೇರುವುದಿಲ್ಲ ಎಂದು ಅವರು ತೀರ್ಮಾನಿಸಿದರು. ಹೊಸ ಹೊಣೆಯನ್ನು ಒಪ್ಪಿದರೆ ಅದು ಪ್ರತಿಯೊಂದು ವಸ್ತುವಿನ ತಯಾರಿಕೆಗೂ, ಮನೆ ಕಟ್ಟುವುದಕ್ಕೂ ಅನ್ವಯಿಸದಿರಲು ಕಾರಣ ಕಾಣುವುದಿಲ್ಲ ಎಂಬುದು ಅವರು ಕೊಟ್ಟ ಮುಂದಿನ ಕಾರಣ.

ಇಲ್ಲಿ “ಕಂಡರು”, “ಗುರುತಿಸಿದರು”, “ತೀರ್ಮಾನಿಸಿದರು” ಎಂಬ ಕ್ರಿಯಾಪದಗಳು ಸರಿ ತಪ್ಪನ್ನು ತೂಗುವುದಿಲ್ಲ. ಸೋತ ಪಕ್ಷದ ಪರವಾದ ತರ್ಕವನ್ನು ಬರೆಯುವಾಗ ಈ ಸಮಚಿತ್ತ ಕೈಬಿಡುವುದು ಸಾಮಾನ್ಯ. ಆಟ್ಕಿನ್ “ಸ್ಪಷ್ಟಪಡಿಸಿದರು”, ಬಕ್‌ಮಾಸ್ಟರ್ “ವಾದಿಸಿದರು” ಎಂದು ಬರೆದರೆ ಓದುಗರು ಯಾರನ್ನು ನಂಬಬೇಕೆಂದು ನಾವೇ ಹೇಳಿಬಿಟ್ಟೆವು. ಯಾವುದಾದರೂ ಆಗಲೇ ನಿಜವಾಗಿದ್ದರೆ ಮಾತ್ರ ಅದನ್ನು ಸ್ಪಷ್ಟಪಡಿಸಲು ಬರುತ್ತದೆ. “ಎತ್ತಿ ತೋರಿಸಿದರು”, “ಮನಗಂಡರು”, “ನೆನಪಿಸಿದರು” ಎಂಬವೂ ಇದೇ ಜಾತಿಯವು. “ಒಪ್ಪಿದರು” ಎಂಬಲ್ಲಿ “ಒಪ್ಪಿಕೊಂಡರು” ಎಂದು ಬರೆದರೆ ತಪ್ಪೊಪ್ಪಿಗೆಯ ವಾಸನೆ ಸೇರುತ್ತದೆ. “ತರಾಟೆಗೆ ತೆಗೆದುಕೊಂಡಿತು”, “ಚಾಟಿ ಬೀಸಿತು” ಎಂಬ ಪತ್ರಿಕಾ ರೂಢಿಗಳ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಇಬ್ಬರಿಗೂ ಒಂದೇ ಅಳತೆಯ ಕ್ರಿಯಾಪದ ಬಳಸಬೇಕು. “ಹೇಳಿದರು”, “ಅಭಿಪ್ರಾಯಪಟ್ಟರು”, “ತೀರ್ಮಾನಿಸಿದರು”, “ನಿರಾಕರಿಸಿದರು” ಇಷ್ಟರಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ.

ಕನ್ನಡದ ಆಡಳಿತ ಶೈಲಿಯಿಂದ ಬರುವ ತೊಡಕೊಂದಿದೆ. “ಎಂದು ಅಭಿಪ್ರಾಯಪಡಲಾಯಿತು”, “ಎನ್ನಲಾಗಿದೆ”, “ಪರಿಗಣಿಸಲಾಯಿತು” ಎಂಬ ಕರ್ಮಣಿ ರೂಪಗಳು ಗಂಭೀರವಾಗಿ ಕೇಳಿಸುತ್ತವೆ, ಆದರೆ ಒಡೆಯನನ್ನು ಮರೆಮಾಡುತ್ತವೆ. ಅಭಿಪ್ರಾಯಪಟ್ಟವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಇನ್ನೊಂದು ಕಡೆ, ಆಡುಮಾತಿನ “ಕುಡಿದರಂತೆ”, “ಹುಳು ಬಂತಂತೆ” ಎಂಬ ರೂಪಗಳು ಮಾತು ಬೇರೆಯವರದೆಂದು ತಿಳಿಸುತ್ತವೆ, ಜೊತೆಗೆ ನಮಗೇಕೋ ನಂಬಿಕೆಯಿಲ್ಲ ಎಂಬ ಛಾಯೆಯನ್ನೂ ಸೇರಿಸುತ್ತವೆ. ಎರಡನ್ನೂ ಬಿಟ್ಟು ಒಡೆಯನ ಹೆಸರಿನಿಂದಲೇ ವಾಕ್ಯ ಶುರು ಮಾಡುವುದು ಉತ್ತಮ. ಕನ್ನಡದಲ್ಲಿ “ಎಂದು ಹೇಳಿದರು” ಎಂಬುದು ಕೊನೆಗೆ ಬರುವುದರಿಂದ, ಉದ್ದ ವಾಕ್ಯದಲ್ಲಿ ಹೆಸರೂ ಕೊನೆಗೆ ಹೋದರೆ ಓದುಗರು ಇಡೀ ಮಾತನ್ನು ಸತ್ಯವೆಂದೇ ಓದಿ ಮುಗಿಸಿರುತ್ತಾರೆ. ಒಡೆಯ ಬರುವ ಹೊತ್ತಿಗೆ ತಡವಾಗಿರುತ್ತದೆ.

ಪ್ರತಿ ವಾಕ್ಯಕ್ಕೂ ಹೆಸರು ಹಾಕಿದರೆ ಬರಹ ಬೇಸರ ತರಿಸುತ್ತದೆ ಎಂಬ ದೂರು ನ್ಯಾಯವಾದದ್ದೇ. ಒಂದು ಪ್ಯಾರಾಗೆ ಒಬ್ಬರೇ ಒಡೆಯರನ್ನಿಟ್ಟರೆ ಮೊದಲ ವಾಕ್ಯದಲ್ಲಿ ಹೆಸರು, ಮುಂದೆ “ಅವರು”, “ಅವರ ಪ್ರಕಾರ” ಸಾಕು. ಒಡೆಯ ಬದಲಾದ ಕಡೆ ಪ್ಯಾರಾ ಬದಲಾಗಬೇಕು. ಬಾಧ್ಯತೆಯ ವಾಕ್ಯಗಳಲ್ಲಿ ಮಾತ್ರ, ಅಂದರೆ “ಮಾಡಬೇಕು”, “ಹೊಣೆ ಇದೆ”, “ಹಕ್ಕಿಲ್ಲ” ಎಂದು ಮುಗಿಯುವಲ್ಲಿ, ಪುನರಾವರ್ತನೆಯಾದರೂ ಚಿಂತೆಯಿಲ್ಲ, ಹೆಸರನ್ನು ಮತ್ತೆ ಹೇಳಬೇಕು. ಓದುಗರು ನೆನಪಿಟ್ಟುಕೊಂಡು ಇನ್ನೊಬ್ಬರಿಗೆ ಹೇಳುವುದು ಆ ವಾಕ್ಯಗಳನ್ನೇ.

ಹೇಳದೆ ಬಿಟ್ಟದ್ದು

ನ್ಯಾಯಾಲಯ ಏನನ್ನು ತೀರ್ಮಾನಿಸಲಿಲ್ಲ ಎಂಬುದಕ್ಕೆ ಸಾರಾಂಶದಲ್ಲಿ ಒಂದೆರಡು ವಾಕ್ಯಗಳ ಜಾಗ ಇರಬೇಕು. ಅದೂ ಸಾಧ್ಯವಾದಷ್ಟು ನ್ಯಾಯಾಧೀಶರ ಮಾತಿನಿಂದಲೇ ಬರಬೇಕು, ನಮ್ಮ ಊಹೆಯಿಂದಲ್ಲ. ಇಲ್ಲಿ ಲಾರ್ಡ್ ಮ್ಯಾಕ್‌ಮಿಲನ್ ಸಹಾಯಕ್ಕೆ ಬರುತ್ತಾರೆ: ತಯಾರಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಭಾರ ದಾವೆ ಹೂಡಿದವರದೇ, ಇಂತಹ ಪ್ರಕರಣದಲ್ಲಿ ನಿರ್ಲಕ್ಷ್ಯವನ್ನು ತಾನಾಗಿ ಊಹಿಸಿಕೊಳ್ಳುವಂತಿಲ್ಲ ಎಂದು ಅವರು ಹೇಳಿದರು. ಗೆದ್ದವರ ಪರ ನಿಂತ ನ್ಯಾಯಾಧೀಶರೇ ಹೀಗೆ ಹೇಳಿದ್ದಾರೆಂಬುದು ಓದುಗರಿಗೆ ತೀರ್ಪಿನ ಮಿತಿಯನ್ನು ನಮ್ಮ ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಸಿದ್ಧವಾದ ಸಾರಾಂಶ

ಮೇಲಿನ ಟಿಪ್ಪಣಿಗಳಿಂದ ಕಟ್ಟಿದ ಸಾರಾಂಶ ಹೀಗಿರಬಹುದು:

> ಪಾನೀಯ ತಯಾರಕರೊಬ್ಬರ ವಿರುದ್ಧದ ದಾವೆ ಸಾಕ್ಷ್ಯ ವಿಚಾರಣೆಗೆ ಮುಂದುವರಿಯಬಹುದು ಎಂದು ಹೌಸ್ ಆಫ್ ಲಾರ್ಡ್ಸ್ 1932ರ ಮೇ 26ರಂದು 3–2 ಬಹುಮತದಿಂದ ತೀರ್ಮಾನಿಸಿತು. ದಾವೆಯನ್ನು ವಜಾ ಮಾಡಿದ್ದ ಸ್ಕಾಟ್ಲೆಂಡಿನ ಮೇಲ್ಮನವಿ ಪೀಠದ ಆದೇಶವನ್ನು ಅದು ರದ್ದುಪಡಿಸಿತು.
>
> ಸ್ನೇಹಿತರು ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ತಮಗೆ ಕಾಯಿಲೆಯಾಯಿತು ಎಂದು ಶ್ರೀಮತಿ ಡಾನಹ್ಯೂ ದಾವಾಪತ್ರದಲ್ಲಿ ಹೇಳಿದ್ದರು. ಅದು ನಿಜವೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸಲಿಲ್ಲ. ನಿಜವೆಂದಾದರೆ, ತನ್ನಿಂದ ನೇರವಾಗಿ ಕೊಳ್ಳದ ವ್ಯಕ್ತಿಗೆ ತಯಾರಕ ಹೊಣೆಯಾಗುತ್ತಾನೆಯೇ ಎಂಬುದು ಅದರ ಮುಂದಿದ್ದ ಪ್ರಶ್ನೆ.
>
> ನಡುವೆ ಪರೀಕ್ಷೆಗೆ ಅವಕಾಶವಿಲ್ಲದಂತೆ ಸರಕನ್ನು ಬಳಕೆದಾರರಿಗೆ ತಲುಪಿಸುವ ತಯಾರಕನಿಗೆ ಎಚ್ಚರ ವಹಿಸುವ ಹೊಣೆ ಇರುತ್ತದೆ ಎಂಬುದರಲ್ಲಿ ಬಹುಮತದ ಮೂವರ ಅಭಿಪ್ರಾಯ ಒಂದಾಗಿತ್ತು. ಲಾರ್ಡ್ ಆಟ್ಕಿನ್ ಇದನ್ನು ಹೆಚ್ಚು ವಿಶಾಲವಾದ ತತ್ವವೊಂದರ ಮೇಲೆ ನಿಲ್ಲಿಸಿದರು: ತನ್ನ ಕೃತ್ಯದಿಂದ ನೇರವಾಗಿ ಬಾಧಿತರಾಗಬಹುದಾದವರ ಬಗ್ಗೆ ಪ್ರತಿಯೊಬ್ಬರೂ ಸಮಂಜಸ ಎಚ್ಚರ ವಹಿಸಬೇಕು ಎಂದು ಅವರು ಹೇಳಿದರು.
>
> ಲಾರ್ಡ್ ಬಕ್‌ಮಾಸ್ಟರ್ ಮತ್ತು ಲಾರ್ಡ್ ಟಾಮ್ಲಿನ್ ಒಪ್ಪಲಿಲ್ಲ. ಹಿಂದಿನ ತೀರ್ಪುಗಳು ಇಂತಹ ಹೊಣೆಗೆ ಅವಕಾಶ ಕೊಡುವುದಿಲ್ಲ, ಅದನ್ನು ಒಪ್ಪಿದರೆ ಮನೆ ಕಟ್ಟುವುದೂ ಸೇರಿದಂತೆ ಎಲ್ಲ ತಯಾರಿಕೆಗೂ ಅನ್ವಯಿಸಬೇಕಾಗುತ್ತದೆ ಎಂದು ಲಾರ್ಡ್ ಬಕ್‌ಮಾಸ್ಟರ್ ಅಭಿಪ್ರಾಯಪಟ್ಟರು.
>
> ತಯಾರಕ ನಿರ್ಲಕ್ಷ್ಯ ತೋರಿದನೆಂದು ನ್ಯಾಯಾಲಯ ಹೇಳಲಿಲ್ಲ. ಅದನ್ನು ಸಾಬೀತುಪಡಿಸುವ ಭಾರ ದಾವೆ ಹೂಡಿದವರ ಮೇಲಿದೆ ಎಂದು ಲಾರ್ಡ್ ಮ್ಯಾಕ್‌ಮಿಲನ್ ಹೇಳಿದರು.

ಇದನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ಪ್ರತಿ ವಾಕ್ಯದ ಪಕ್ಕದಲ್ಲಿ ಮೂಲದ ಪುಟ ಅಥವಾ ಪ್ಯಾರಾ ಸಂಖ್ಯೆ ಬರೆಯಬೇಕು, ಆಮೇಲೆ ಅಂಚಿನಲ್ಲಿ ಹಾಕಿದ್ದ ದನಿಯ ಗುರುತಿನೊಂದಿಗೆ ತಾಳೆ ನೋಡಬೇಕು. ಸಂಖ್ಯೆ ಹಾಕಲಾಗದ ವಾಕ್ಯ ನಮ್ಮದೇ ಸೇರ್ಪಡೆ, ಅದನ್ನು ತೆಗೆಯಬೇಕು. ಸಂಖ್ಯೆ ಇದ್ದು ಗುರುತು ಬೇರೆಯಾಗಿದ್ದರೆ ಒಡೆಯ ತಪ್ಪಾಗಿದ್ದಾನೆ. ಆನಂತರ ಸೋತ ಪಕ್ಷದ ವಕೀಲರು ಇದನ್ನು ಓದುತ್ತಿದ್ದಾರೆಂದು ಭಾವಿಸಿಕೊಂಡು ಮತ್ತೊಮ್ಮೆ ಓದಬೇಕು. ಫಲಿತಾಂಶದ ಬಗ್ಗೆ ಅವರಿಗೆ ಬೇಸರವಿರಬಹುದು, ಆದರೆ “ನಾವು ಹೀಗೆ ಹೇಳಿರಲಿಲ್ಲ” ಎನ್ನಲು ಎಲ್ಲಿಯೂ ಜಾಗ ಇರಬಾರದು.

ಶೀರ್ಷಿಕೆಯನ್ನು ಕೊನೆಗೆ ಬರೆಯುವುದು ಕ್ಷೇಮ. ಇಷ್ಟೆಲ್ಲ ಜತನ ಮಾಡಿದ ಮೇಲೂ “ಹುಳು ಬಿದ್ದ ಪಾನೀಯ: ತಯಾರಕ ಹೊಣೆ” ಎಂದು ಮೇಲೆ ಬರೆದರೆ ಎಲ್ಲವೂ ವ್ಯರ್ಥ, ಏಕೆಂದರೆ ಬಹಳ ಜನ ಓದುವುದು ಅಷ್ಟನ್ನೇ. “ಪಾನೀಯ ತಯಾರಕರ ವಿರುದ್ಧದ ದಾವೆ ಮುಂದುವರಿಯಬಹುದು: ಹೌಸ್ ಆಫ್ ಲಾರ್ಡ್ಸ್ ಬಹುಮತ” ಎಂಬುದು ಅಷ್ಟು ಆಕರ್ಷಕವಲ್ಲ, ಆದರೆ ಸರಿ.

ತೀರ್ಪಿನ ನಂತರ ನಡೆದದ್ದನ್ನು ಹೇಳಬೇಕೆನಿಸಿದರೆ ಅದನ್ನು ಸಾರಾಂಶದ ಹೊರಗೆ, ಬೇರೆ ಪ್ಯಾರಾದಲ್ಲಿ, ಇದು ತೀರ್ಪಿನ ಭಾಗವಲ್ಲ ಎಂದು ತಿಳಿಸಿ ಬರೆಯಬೇಕು. ಈ ಪ್ರಕರಣದಲ್ಲಿ ತಯಾರಕ ಡೇವಿಡ್ ಸ್ಟೀವನ್‌ಸನ್ ಅದೇ 1932ರಲ್ಲಿ ತೀರಿಕೊಂಡರು, ದಾವೆ ರಾಜಿಯಲ್ಲಿ ಮುಗಿಯಿತು, ಸಾಕ್ಷ್ಯ ವಿಚಾರಣೆ ನಡೆಯಲೇ ಇಲ್ಲ. ಬಾಟಲಿಯಲ್ಲಿ ಹುಳು ಇತ್ತೇ ಎಂಬ ಪ್ರಶ್ನೆಗೆ ಯಾವ ನ್ಯಾಯಾಲಯವೂ ಉತ್ತರ ಕೊಟ್ಟಿಲ್ಲವಾದ್ದರಿಂದ, ಆ ವಾಕ್ಯಕ್ಕೆ ಇಂದಿಗೂ ಒಡೆಯರಾಗಿ ಬರೆಯಬಹುದಾದದ್ದು ದಾವೆ ಹೂಡಿದ ಆಕೆಯ ಹೆಸರನ್ನು ಮಾತ್ರ.